ಬಿಟ್ಟು ಬಂದ ಕಂಪನಿಗೆ ವಾಪಸ್ ಹೋಗಲು ಹಳೆಯ ಮ್ಯಾನೇಜರ್‌ಗೆ ಬರೆದ ಮೆಸೇಜ್: ನನ್ನ ಅನುಭವ

ಹಳೆಯ ಕಂಪನಿಯಲ್ಲಿ ನಾನು 4 ವರ್ಷ ಇದ್ದೆ. ಅದನ್ನು ಬಿಟ್ಟು ಬೇರೆ ಕಡೆ 2 ವರ್ಷ 3 ತಿಂಗಳು ಕೆಲಸ ಮಾಡಿದೆ. ಆಮೇಲೆ ವಾಪಸ್ ಹೋಗಬೇಕು ಅನ್ನಿಸಿತು. ಅದಕ್ಕೆ ನನ್ನ ಹಳೆಯ ಮ್ಯಾನೇಜರ್‌ಗೆ ಒಂದು ಮೆಸೇಜ್ ಬರೆಯಬೇಕಿತ್ತು. ಕೊನೆಗೆ ಕಳಿಸಿದ್ದು ಫೋನಿನಲ್ಲಿ ಒಂದೆರಡು ಸಲ ಬೆರಳಾಡಿಸಿದರೆ ಮುಗಿಯುವಷ್ಟು ಚಿಕ್ಕದು. ಆದರೆ ಅದನ್ನು ಬರೆಯಲು ನನಗೆ 11 ದಿನ ಹಿಡಿಯಿತು. ಆ 11 ದಿನದಲ್ಲಿ ಏನೇನು ಬರೆದೆ, ಏನು ಅಳಿಸಿದೆ, ಯಾಕೆ ಅಳಿಸಿದೆ ಅನ್ನೋದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು. ಹೊಸ ಗ್ರಾಹಕರು ಕಂಪನಿಯ ಸಾಫ್ಟ್‌ವೇರ್ ತೆಗೆದುಕೊಂಡಾಗ ಅವರ ಹಳೆಯ ದಾಖಲೆಗಳನ್ನೆಲ್ಲ ತಪ್ಪಿಲ್ಲದೆ ಹೊಸ ಸಿಸ್ಟಮ್‌ಗೆ ತರಬೇಕು. ಇದಕ್ಕೆ ಡೇಟಾ ಮೈಗ್ರೇಶನ್ ಅಂತಾರೆ. ಹಳೆಯ ಕಂಪನಿಯಲ್ಲಿ ನನಗೆ ಚಿಕ್ಕ ಗ್ರಾಹಕರ ಕೆಲಸ ಮಾತ್ರ ಸಿಗುತ್ತಿತ್ತು. ದೊಡ್ಡದನ್ನು ಮೊದಲಿಂದ ಕೊನೆಯವರೆಗೆ ನಾನೇ ನಡೆಸಬೇಕು ಅನ್ನೋ ಆಸೆ ಇತ್ತು. ಬೇರೆ ಕಂಪನಿ ಅದೇ ಕೆಲಸ ಕೊಡುತ್ತೇವೆ ಅಂದಾಗ ಹೋದೆ. ಕೊಟ್ಟರು ಕೂಡ. 6 ಜನರ ಟೀಮ್ ಇಟ್ಟುಕೊಂಡು ಎರಡು ವರ್ಷದಲ್ಲಿ 9 ದೊಡ್ಡ ಮೈಗ್ರೇಶನ್ ಮುಗಿಸಿದೆ. ಆಮೇಲೆ ಅಲ್ಲಿನ ಯೋಜನೆ ಬದಲಾಯಿತು. ಈ ಕೆಲಸವನ್ನು ಹೊರಗಿನವರಿಗೆ ಕೊಟ್ಟು, ನಾನು ಅವರ ವರದಿಗಳನ್ನು ನೋಡಿಕೊಂಡಿದ್ದರೆ ಸಾಕು ಅಂತ ತೀರ್ಮಾನವಾಯಿತು. ಅದೇ ಹೊತ್ತಿಗೆ ಹಳೆಯ ಕಂಪನಿಯವರು ದೊಡ್ಡ ಗ್ರಾಹಕರ ಮೈಗ್ರೇಶನ್‌ಗೆ ಜನ ಬೇಕು ಅಂತ ಜಾಹೀರಾತು ಹಾಕಿದ್ದು ಕಣ್ಣಿಗೆ ಬಿತ್ತು.

ಇಲ್ಲಿಯವರೆಗೆ ಸುಲಭ. ಕಷ್ಟವಾಗಿದ್ದು ನಾನು ಅಲ್ಲಿಂದ ಹೊರಟು ಬಂದ ರೀತಿ. ನೋಟಿಸ್ ಕೊಟ್ಟಿದ್ದೆ, ಕೆಲಸ ಒಪ್ಪಿಸುವ ಡಾಕ್ಯುಮೆಂಟ್ ಕೂಡ ಬರೆದಿದ್ದೆ. ಆದರೆ ಹೊಸ ಕಂಪನಿ ಬೇಗ ಬನ್ನಿ ಅಂದಿದ್ದಕ್ಕೆ ಎರಡು ವಾರ ಮೊದಲೇ ಬಿಡಿ ಅಂತ ಹಟ ಹಿಡಿದೆ. ನನ್ನ ಮ್ಯಾನೇಜರ್ ಮೇಡಂ ಇಷ್ಟವಿಲ್ಲದಿದ್ದರೂ ಒಪ್ಪಿದರು. ಆಗ ಒಬ್ಬ ಗ್ರಾಹಕರ ಕೆಲಸ ಅರ್ಧಕ್ಕೆ ನಿಂತಿತ್ತು. ಅದು ನನ್ನ ಪಕ್ಕದ ಸೀಟಿನ ಸಹೋದ್ಯೋಗಿಯ ತಲೆ ಮೇಲೆ ಬಿತ್ತು. ಕೊನೆಯ ದಿನ ಮೇಡಂ ‘ಒಳ್ಳೇದಾಗಲಿ’ ಅಂದರು. ಅಷ್ಟೇ, ಬೇರೇನೂ ಮಾತಾಡಲಿಲ್ಲ. ಆಮೇಲೆ ಎರಡು ವರ್ಷ ನಾನೂ ಫೋನ್ ಮಾಡಲಿಲ್ಲ.

ಮೊದಲ ಸಲ ಬರೆಯಲು ಕೂತಿದ್ದು ಒಂದು ರಾತ್ರಿ, ಆಫೀಸಿನಲ್ಲಿ ಬೇಸರವಾದ ದಿನ. ಅದು ತುಂಬಾ ಉದ್ದವಾಯಿತು. ಶುರುವಿನಲ್ಲೇ ಹೀಗಿತ್ತು: ‘ಮೇಡಂ, ನಮ್ಮ ಟೀಮ್ ದಿನಾ ನೆನಪಾಗುತ್ತದೆ. ಅಂಥ ವಾತಾವರಣ ಮತ್ತೆಲ್ಲೂ ಸಿಗಲಿಲ್ಲ. ಇಲ್ಲಿ ಯಾರಿಗೂ ಕೆಲಸದ ಬೆಲೆ ಗೊತ್ತಿಲ್ಲ.’ ಮುಂದೆ ಇಲ್ಲಿನ ಮೇಲಧಿಕಾರಿಗಳ ಬಗ್ಗೆ ಎರಡು ಪ್ಯಾರಾ. ಕೊನೆಗೆ, ‘ಯಾವ ಕೆಲಸವಾದರೂ ಸರಿ, ನಿಮ್ಮ ಟೀಮ್‌ನಲ್ಲಿ ಒಂದು ಅವಕಾಶ ಕೊಡಿ.’

ಬರೆದು ಮುಗಿಸಿದಾಗ ಮನಸ್ಸು ಹಗುರವಾಯಿತು, ನಿಜ. ಬೆಳಿಗ್ಗೆ ಎದ್ದು ಓದಿದಾಗ ಕಳಿಸುವ ಧೈರ್ಯ ಬರಲಿಲ್ಲ. ಯಾಕೆ ಅಂತ ಮಾತ್ರ ಆಗ ಸರಿಯಾಗಿ ಗೊತ್ತಾಗಲಿಲ್ಲ. ತೀರಾ ಭಾವುಕವಾಯಿತು ಅಂದುಕೊಂಡೆ. ಅದಕ್ಕೆ ಎರಡನೇ ಸಲ ಪೂರ್ತಿ ಉಲ್ಟಾ ಬರೆದೆ. ಅರ್ಜಿಯ ಥರ. ‘ಮಾನ್ಯರೇ, ತಮ್ಮ ಸಂಸ್ಥೆಯಲ್ಲಿ ಈ ಹಿಂದೆ ಸೇವೆ ಸಲ್ಲಿಸಿದ್ದ ನಾನು...’ ಅಂತ ಶುರು. ಜೊತೆಗೆ ರೆಸ್ಯೂಮೆ. ನಾಲ್ಕು ವರ್ಷ ದಿನಾ ಎದುರಿಗೆ ಕೂತು ಮಾತಾಡಿದವರಿಗೆ ಹೀಗೆ ಬರೆದರೆ ಅಪರಿಚಿತರ ಹಾಗೆ ಕಾಣುತ್ತದೆ. ಅದನ್ನೂ ಬಿಟ್ಟೆ.

ದಾರಿ ತೋರಿಸಿದ್ದು ಒಬ್ಬ ಗೆಳತಿ. ಅವಳು ಬೇರೊಂದು ಕಡೆ ಟೀಮ್ ನಡೆಸುತ್ತಾಳೆ, ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾಳೆ. ಎರಡನ್ನೂ ಓದಿ ಒಂದೇ ಪ್ರಶ್ನೆ ಕೇಳಿದಳು. ‘ಇದನ್ನು ಓದಿ ನಿಮ್ಮ ಮೇಡಂ ಅವರ ಬಾಸ್ ಹತ್ತಿರ ಏನಂತ ಹೇಳಬೇಕು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಬಿಡಿಸಿ ಹೇಳಿದಳು. ಬಿಟ್ಟು ಹೋದವರು ವಾಪಸ್ ಬರುತ್ತೇವೆ ಅಂದಾಗ ಮ್ಯಾನೇಜರ್ ಒಬ್ಬರೇ ಹೂಂ ಅಂದರೆ ಸಾಕಾಗುವುದಿಲ್ಲ. ಅವರು ತಮ್ಮ ಮೇಲಿನವರಿಗೆ ಹೇಳಬೇಕು, ಎಚ್‌ಆರ್‌ಗೆ ಹೇಳಬೇಕು, ಈಗ ಟೀಮ್‌ನಲ್ಲಿ ಇರುವವರಿಗೂ ಹೇಳಬೇಕು. ಎಲ್ಲರೂ ಕೇಳುವುದು ಅದೇ ಮೂರು ಪ್ರಶ್ನೆ. ಯಾಕೆ ಬಿಟ್ಟರು? ಯಾಕೆ ವಾಪಸ್ ಬರುತ್ತಿದ್ದಾರೆ? ಮತ್ತೆ ಬಿಟ್ಟು ಹೋದರೆ? ಈ ಮೂರಕ್ಕೂ ಉತ್ತರ ನಿನ್ನ ಮೆಸೇಜ್‌ನಲ್ಲೇ ಇದ್ದರೆ ಅವರ ಕೆಲಸ ಸುಲಭ. ಇಲ್ಲದಿದ್ದರೆ ನಿನ್ನ ಪರವಾಗಿ ಉತ್ತರವನ್ನು ಅವರೇ ಕಟ್ಟಿಕೊಳ್ಳಬೇಕು. ಎರಡು ವರ್ಷ ಮಾತೇ ಆಡದವರಿಗೋಸ್ಕರ ಅಷ್ಟು ಕಷ್ಟ ಯಾರು ಪಡುತ್ತಾರೆ?

ಈ ಮಾತಿನಿಂದ ನಾನು ಮೆಸೇಜನ್ನು ನೋಡುವ ರೀತಿಯೇ ಬದಲಾಯಿತು. ಮೇಡಂ ಮನಸ್ಸು ಕರಗಿಸೋದು ಹೇಗೆ ಅಂತ ಅಲ್ಲಿಯವರೆಗೆ ಯೋಚಿಸುತ್ತಿದ್ದೆ. ಮೇಡಂ ಬೇರೆಯವರ ಎದುರು ಎರಡು ವಾಕ್ಯದಲ್ಲಿ ಹೇಳಬಹುದಾದ ವಿಷಯ ಕೊಡೋದು ಹೇಗೆ ಅಂತ ಅಲ್ಲಿಂದ ಮುಂದೆ ಯೋಚಿಸಿದೆ.

ಮೊದಲ ಪ್ರತಿಯನ್ನು ಆ ಕಣ್ಣಿನಿಂದ ಮತ್ತೆ ಓದಿದೆ. ‘ದಿನಾ ನೆನಪಾಗುತ್ತದೆ’ ಅನ್ನೋದನ್ನು ಮೇಡಂ ತಮ್ಮ ಬಾಸ್‌ಗೆ ಹೇಳೋಕಾಗುತ್ತದಾ? ಇಲ್ಲ. ‘ಇಲ್ಲಿ ಕೆಲಸದ ಬೆಲೆ ಗೊತ್ತಿಲ್ಲ’ ಅನ್ನೋದನ್ನು ಹೇಳಿದರೆ ಕೇಳಿದವರು, ನಾಳೆ ನಮ್ಮ ಬಗ್ಗೆಯೂ ಹೀಗೇ ಹೇಳುತ್ತಾರೆ ಅಂದುಕೊಳ್ಳುತ್ತಾರೆ. ‘ಯಾವ ಕೆಲಸವಾದರೂ ಸರಿ’ ಅನ್ನೋದು ಎಲ್ಲಕ್ಕಿಂತ ಕೆಟ್ಟದು. ಬರೆಯುವಾಗ ಅದು ವಿನಯ ಅಂದುಕೊಂಡಿದ್ದೆ. ಓದುವವರಿಗೆ ಅದು, ಈ ವ್ಯಕ್ತಿ ಇರುವ ಕಡೆಯಿಂದ ತಪ್ಪಿಸಿಕೊಳ್ಳಬೇಕು ಅಂತಿದ್ದಾರೆ, ಎಲ್ಲಿಗೆ ಅನ್ನೋದು ಮುಖ್ಯವಲ್ಲ ಅಂತ ಕೇಳಿಸುತ್ತದೆ. ಯಾವ ಕೆಲಸ ಅಂತ ಗೊತ್ತಿಲ್ಲದಿದ್ದರೆ ಅವರು ಯಾವ ಜಾಗಕ್ಕೆ ನನ್ನ ಹೆಸರು ಹೇಳಬೇಕು ಅನ್ನೋದೂ ಗೊತ್ತಾಗುವುದಿಲ್ಲ.

ಹಾಗಾಗಿ ಕಾಗದದ ಮೇಲೆ ಮೂರು ಪ್ರಶ್ನೆ ಬರೆದು, ಪ್ರತಿಯೊಂದಕ್ಕೂ ಒಂದೊಂದೇ ವಾಕ್ಯದ ಉತ್ತರ ಬರೆಯಲು ಕೂತೆ. ಯಾಕೆ ಬಿಟ್ಟೆ ಅನ್ನೋದಕ್ಕೆ ಉತ್ತರ ಸುಲಭ. ದೊಡ್ಡ ಮೈಗ್ರೇಶನ್ ನಡೆಸಲು ಕಲಿಯಬೇಕಿತ್ತು. ಯಾಕೆ ವಾಪಸ್ ಅನ್ನೋದು ಸ್ವಲ್ಪ ತೊಡಕಿನದು. ನಿಜವಾದ ಕಾರಣ, ಈಗಿನ ಕಂಪನಿ ಈ ಕೆಲಸವನ್ನು ಹೊರಗೆ ಕೊಡಲು ತೀರ್ಮಾನಿಸಿದೆ ಅನ್ನೋದು. ಅದನ್ನು ಹಾಗೇ ಬರೆದಿದ್ದೆ ಕೂಡ. ಆಮೇಲೆ ಹೊಳೆಯಿತು, ಆ ತೀರ್ಮಾನ ಒಳಗಿನ ಮೀಟಿಂಗ್‌ನಲ್ಲಿ ಹೇಳಿದ್ದು, ಹೊರಗೆ ಇನ್ನೂ ಯಾರಿಗೂ ಗೊತ್ತಿಲ್ಲ. ನಾನು ಸಂಬಳ ತೆಗೆದುಕೊಳ್ಳುತ್ತಿರುವ ಕಂಪನಿಯ ಒಳಗಿನ ಮಾತನ್ನು ಇನ್ನೊಂದು ಕಂಪನಿಯ ಮ್ಯಾನೇಜರ್‌ಗೆ ಬರೆದು ಕಳಿಸುವುದು ತಪ್ಪು. ನನ್ನ ಕೆಲಸದ ಒಪ್ಪಂದದಲ್ಲೂ ಗೋಪ್ಯತೆಯ ಷರತ್ತು ಇತ್ತು. ಅದೂ ಅಲ್ಲದೆ ಅಲ್ಲಿಯ ಗುಟ್ಟನ್ನು ಇಲ್ಲಿ ಹೇಳುವವರು ಇಲ್ಲಿಯದನ್ನೂ ಬೇರೆ ಕಡೆ ಹೇಳುತ್ತಾರೆ ಅಂತ ಮೇಡಂಗೆ ಅನ್ನಿಸಿದರೆ ಅದರಲ್ಲೇನೂ ತಪ್ಪಿಲ್ಲ. ಅದನ್ನು ತೆಗೆದು, ನನ್ನ ಕೆಲಸ ಬೇರೆ ದಿಕ್ಕಿಗೆ ಹೋಗುತ್ತಿದೆ ಅಂತಷ್ಟೇ ಬರೆದೆ. ಅದು ನಿಜವೂ ಹೌದು, ಯಾರ ಗುಟ್ಟೂ ಅಲ್ಲ. ಗ್ರಾಹಕರ ಹೆಸರುಗಳನ್ನೂ ಇದೇ ಕಾರಣಕ್ಕೆ ತೆಗೆದೆ. 9 ಅನ್ನೋ ಲೆಕ್ಕ ಮಾತ್ರ ಉಳಿಸಿಕೊಂಡೆ.

ಮೂರನೇ ಪ್ರಶ್ನೆಗೆ, ಅಂದರೆ ಮತ್ತೆ ಬಿಟ್ಟು ಹೋದರೆ ಅನ್ನೋದಕ್ಕೆ, ಮೆಸೇಜ್‌ನಲ್ಲಿ ಉತ್ತರ ಬರೆಯಲಿಲ್ಲ. ‘ಇನ್ನು ಮುಂದೆ ಬಿಟ್ಟು ಹೋಗಲ್ಲ’ ಅಂತ ಬರೆಯಬಹುದಿತ್ತು. ಆದರೆ ಅಂಥ ಮಾತಿಗೆ ಬೆಲೆ ಇರಲ್ಲ. ಅದನ್ನು ಮಾತಾಡುವಾಗ ಹೇಳೋಣ ಅಂತ ಬಿಟ್ಟೆ.

ಅತಿ ಹೆಚ್ಚು ಹೊತ್ತು ತೆಗೆದುಕೊಂಡಿದ್ದು ಆ ಎರಡು ವಾರದ ವಿಷಯ. ಹೇಳಬೇಕಾ ಬೇಡವಾ? ಮೇಡಂ ಮರೆತಿರಬಹುದು, ನಾನೇ ಯಾಕೆ ನೆನಪು ಮಾಡಿಕೊಡಬೇಕು ಅಂತ ಒಂದು ಕಡೆ. ಆದರೆ ನನ್ನ ಹೆಸರು ಸ್ಕ್ರೀನ್ ಮೇಲೆ ಬಂದ ತಕ್ಷಣ ಅವರಿಗೆ ಮೊದಲು ನೆನಪಾಗುವುದೇ ಅದು ಅಂತ ನನಗೆ ಗೊತ್ತಿತ್ತು. ನಾನು ಅದರ ಬಗ್ಗೆ ಸುಮ್ನಿದ್ದರೆ, ಉಳಿದ ಮೆಸೇಜನ್ನೆಲ್ಲ ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದುತ್ತಾರೆ. ಹೇಳಬೇಕು ಅಂತ ತೀರ್ಮಾನಿಸಿದೆ.

ಮೊದಲು ಹೀಗೆ ಬರೆದೆ: ‘ಹೋಗುವಾಗ ನನ್ನಿಂದ ಏನಾದರೂ ತೊಂದರೆ ಆಗಿದ್ದರೆ ಕ್ಷಮಿಸಿ.’ ಗೆಳತಿ ಅದಕ್ಕೂ ಬೇಡ ಅಂತ ತಲೆ ಆಡಿಸಿದಳು. ‘ಆಗಿದ್ದರೆ’ ಅನ್ನೋದೇ ತಪ್ಪು ಅಂದಳು. ತೊಂದರೆ ಆಗಿದೆ ಅಂತ ನಿನಗೂ ಗೊತ್ತು, ಅವರಿಗೂ ಗೊತ್ತು. ಏನು ಮಾಡಿದೆ, ಅದರಿಂದ ಯಾರಿಗೆ ಏನಾಯಿತು, ಅದು ನನ್ನ ತಪ್ಪು. ಇಷ್ಟು ಹೇಳಿ ನಿಲ್ಲಿಸು. ಆಗ ಹೊಸ ಕಂಪನಿಯವರು ಅವಸರ ಮಾಡಿದ್ದರು ಅಂತೆಲ್ಲ ವಿವರಣೆ ಕೊಡಬೇಡ. ಅವಳು ಹೇಳಿದ ಹಾಗೆ ಮೂರು ಚಿಕ್ಕ ವಾಕ್ಯ ಮಾಡಿದೆ.

ಇನ್ನು ಏನು ಕೇಳಬೇಕು ಅನ್ನೋದು. ನೇರವಾಗಿ ಕೆಲಸ ಕೇಳಿದರೆ ಮೇಡಂ ಹತ್ತಿರ ಎರಡೇ ಉತ್ತರ, ಇದೆ ಅಥವಾ ಇಲ್ಲ. ಆ ದಿನ ಖಾಲಿ ಜಾಗ ಇಲ್ಲದಿದ್ದರೆ ಇಲ್ಲ ಅಂದುಬಿಡುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. 15 ನಿಮಿಷ ಮಾತಾಡಬಹುದಾ ಅಂತ ಕೇಳಿದರೆ ಅದಕ್ಕೆ ಹೂಂ ಅನ್ನಲು ಅವರು ಯಾರನ್ನೂ ಕೇಳಬೇಕಿಲ್ಲ. ಹಾಗಂತ ‘ಸುಮ್ನೆ ಮಾತಾಡೋಣ ಅಂತ’ ಎಂದು ಬರೆದು, ಫೋನಿನಲ್ಲಿ ಕೆಲಸದ ವಿಷಯ ತೆಗೆಯುವುದು ಸರಿಯಲ್ಲ. ವಾಪಸ್ ಬರುವ ಯೋಚನೆ ಇದೆ ಅನ್ನೋದನ್ನು ಮೊದಲೇ ಹೇಳಿದರೆ ಅವರೂ ತಯಾರಾಗಿ ಬರುತ್ತಾರೆ. ಸಂಬಳದ ಮಾತು, ಹುದ್ದೆಯ ಮಾತು ಯಾವುದನ್ನೂ ಹಾಕಲಿಲ್ಲ. ರೆಸ್ಯೂಮೆಯನ್ನೂ ಹಾಕಲಿಲ್ಲ.

ಕೊನೆಗೆ ಕಳಿಸಿದ್ದು ಇದು:

‘ನಮಸ್ಕಾರ ಮೇಡಂ, ಹೇಗಿದ್ದೀರಿ? ಎರಡು ವರ್ಷ ಆಯಿತು ಮಾತಾಡಿ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು.

ವಾಪಸ್ ಬರುವ ಯೋಚನೆ ಇದೆ. ದೊಡ್ಡ ಮೈಗ್ರೇಶನ್ ನಡೆಸೋದು ಕಲಿಯಬೇಕು ಅಂತ ಆಗ ಬಿಟ್ಟೆ. ಇಲ್ಲಿ 6 ಜನರ ಟೀಮ್ ಜೊತೆ ಅಂಥ 9 ಕೆಲಸ ಮುಗಿಸಿದ್ದೇನೆ. ಈಗ ನನ್ನ ಕೆಲಸ ಬೇರೆ ದಿಕ್ಕಿಗೆ ಹೋಗುತ್ತಿದೆ, ನನಗೆ ಮೈಗ್ರೇಶನ್‌ನಲ್ಲೇ ಮುಂದುವರಿಯಬೇಕು. ನೀವು ದೊಡ್ಡ ಗ್ರಾಹಕರ ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಿರುವ ಜಾಹೀರಾತು ನೋಡಿದೆ.

ಹೋಗುವಾಗ ಎರಡು ವಾರ ಮೊದಲೇ ಬಿಡಿಸಿಕೊಂಡು ಹೋದೆ. ಅರ್ಧಕ್ಕೆ ಬಿಟ್ಟ ಕೆಲಸ ಟೀಮ್ ಮೇಲೆ ಬಿತ್ತು. ಅದು ನನ್ನ ತಪ್ಪು, ಆಗಲೇ ಹೇಳಬೇಕಿತ್ತು.

ನಾನು ಬರುವುದು ಸರಿ ಅನ್ನಿಸುತ್ತದಾ ಅಂತ ನಿಮ್ಮನ್ನು ಕೇಳಬೇಕಿತ್ತು. ಮುಂದಿನ ಎರಡು ವಾರದಲ್ಲಿ 15 ನಿಮಿಷ ಫೋನಿನಲ್ಲಿ ಸಿಗಬಹುದಾ? ಸಂಜೆ 6ರ ಮೇಲೆ ಯಾವ ದಿನವಾದರೂ ಆಗುತ್ತದೆ. ಈಗ ಬೇಡ ಅನ್ನಿಸಿದರೆ ಹಾಗೇ ಹೇಳಿ ಮೇಡಂ, ನನಗೆ ಬೇಜಾರಿಲ್ಲ. ಇಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ಹಾಗಾಗಿ ನಮ್ಮಿಬ್ಬರಲ್ಲೇ ಇರಲಿ.’

ಕಳಿಸಿದ್ದು ನನ್ನ ಸ್ವಂತ ಫೋನಿನಿಂದ, ಅವರ ಸ್ವಂತ ನಂಬರಿಗೆ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಮೇಲ್, ಆಫೀಸಿನ ವೈಫೈ ಯಾವುದನ್ನೂ ಮುಟ್ಟಲಿಲ್ಲ. ಆಫೀಸಿನ ಸಿಸ್ಟಮ್‌ನಲ್ಲಿ ಬರೆದದ್ದನ್ನು ನೋಡುವ ಹಕ್ಕು ಸಾಮಾನ್ಯವಾಗಿ ಕಂಪನಿ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಅವರ ಆಫೀಸ್ ಮೇಲ್‌ಗೂ ಬರೆಯಲಿಲ್ಲ. ಅಲ್ಲಿಗೆ ಬಂದರೆ ಅದು ಅರ್ಜಿಯಂತೆ ಆಗಿಬಿಡುತ್ತದೆ, ಅವರಿಗೆ ಇಷ್ಟವಿರಲಿ ಬಿಡಲಿ ಎಚ್‌ಆರ್‌ಗೆ ದಾಟಿಸಬೇಕಾಗಬಹುದು.

ಹೀಗೆಲ್ಲ ಜಾಗ್ರತೆ ಮಾಡಿದ ನಾನು ಒಂದು ಕಡೆ ಎಡವಿದ್ದೆ. ಮೆಸೇಜ್ ಬರೆಯುವುದಕ್ಕೂ ಮೊದಲು, ಹಳೆಯ ಟೀಮ್‌ನ ಒಬ್ಬರಿಗೆ ಫೋನ್ ಮಾಡಿ ‘ಅಲ್ಲಿ ಈಗ ಹೇಗಿದೆ? ಜಾಗ ಏನಾದರೂ ಇದೆಯಾ?’ ಅಂತ ಕೇಳಿದ್ದೆ. ವಿಷಯ ತಿಳಿದುಕೊಳ್ಳೋಣ ಅಂತ ಅಷ್ಟೇ. ಅದು ಎರಡೇ ದಿನದಲ್ಲಿ ಮೇಡಂ ಕಿವಿಗೆ ಬಿದ್ದಿತ್ತು. ಇದು ನನಗೆ ಗೊತ್ತಾಗಿದ್ದು ಆಮೇಲೆ. ನಾನು ಮೆಸೇಜ್ ಕಳಿಸುವಷ್ಟರಲ್ಲಿ, ನಾನು ಬೇರೆಯವರ ಮೂಲಕ ಜಾಗ ಹುಡುಕುತ್ತಿದ್ದೇನೆ ಅಂತ ಅವರು ಅಂದುಕೊಂಡಾಗಿತ್ತು. ಮೊದಲು ಹೇಳಬೇಕಾದವರಿಗೇ ಮೊದಲು ಹೇಳಿದ್ದರೆ ಇದು ಆಗುತ್ತಿರಲಿಲ್ಲ.

ಉತ್ತರ ಬರಲು 8 ದಿನ ಹಿಡಿಯಿತು. ಮೆಸೇಜ್ ಓದಿದ್ದಾರೆ ಅಂತ ಮೊದಲ ಸಂಜೆಯೇ ತೋರಿಸಿತ್ತು. ನಾಲ್ಕನೇ ದಿನ ‘ಮೇಡಂ, ನೋಡಿದಿರಾ?’ ಅಂತ ಟೈಪ್ ಮಾಡಿ ಅಳಿಸಿದೆ. ನೋಡಿದ್ದಾರೆ ಅಂತ ಗೊತ್ತಿರುವಾಗ ಅದನ್ನು ಕೇಳಿದರೆ ತಪ್ಪು ಹೊರಿಸಿದಂತೆ ಆಗುತ್ತದೆ. ನಾನೇ ಎರಡು ವಾರ ಅಂತ ಸಮಯ ಕೊಟ್ಟಿದ್ದೆ. ಎರಡು ವಾರ ಮುಗಿದ ಮೇಲೆ ಒಂದೇ ಒಂದು ಸಾಲು ಬರೆಯಬೇಕು, ಅದಕ್ಕೂ ಉತ್ತರ ಬರದಿದ್ದರೆ ಮಾಮೂಲಿ ದಾರಿಯಲ್ಲಿ ಅರ್ಜಿ ಹಾಕಬೇಕು ಅಂತ ಅಂದುಕೊಂಡಿದ್ದೆ. ಅಷ್ಟರಲ್ಲೇ ಉತ್ತರ ಬಂತು. ‘ಗುರುವಾರ ಸಂಜೆ 6:30ಕ್ಕೆ ಫೋನ್ ಮಾಡಿ.’ ಇಷ್ಟೇ.

ಗುರುವಾರ ಫೋನ್ ಮಾಡಿದಾಗ ಮೊದಲು ಗೊತ್ತಾಗಿದ್ದು, ಮೇಡಂ ಈಗ ಆ ಟೀಮ್‌ನಲ್ಲೇ ಇಲ್ಲ ಅನ್ನೋದು. ಐದು ತಿಂಗಳ ಹಿಂದೆ ಅವರನ್ನು ಇನ್ನೊಂದು ವಿಭಾಗಕ್ಕೆ ಹಾಕಿದ್ದರು. ಜಾಹೀರಾತು ಹಾಕಿದ್ದು ಹೊಸ ಮ್ಯಾನೇಜರ್. ಗೆಳತಿ ಹೇಳಿದ ಮಾತಿನ ಅರ್ಥ ಆಗ ಪೂರ್ತಿ ತಿಳಿಯಿತು. ನನ್ನ ಬಗ್ಗೆ ಮೇಡಂ ಹೇಳಬೇಕಿದ್ದು, ನನ್ನ ಮುಖವನ್ನೇ ನೋಡದ ಒಬ್ಬರಿಗೆ. 8 ದಿನ ತಡವಾಗಿದ್ದೂ ಅದಕ್ಕೇ. ಅವರು ಮೊದಲು ಆ ಮ್ಯಾನೇಜರ್ ಹತ್ತಿರ ಹೆಸರು ಹೇಳದೆ ಕೇಳಿದ್ದರು, ಹಿಂದೆ ನಮ್ಮಲ್ಲಿದ್ದವರೊಬ್ಬರು ಬಂದರೆ ನೋಡುತ್ತೀರಾ ಅಂತ.

ಆಮೇಲೆ ಮೇಡಂ ಮೂರು ಪ್ರಶ್ನೆ ಕೇಳಿದರು. ಮೊದಲನೆಯದು ನಾನು ನಿರೀಕ್ಷಿಸಿರಲಿಲ್ಲ. ‘ನನಗೆ ಬರೆಯೋ ಮೊದಲು ಬೇರೆಯವರನ್ನು ಯಾಕೆ ಕೇಳಿದಿರಿ?’ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮಗೆ ಬರೆಯಲು ಹಿಂಜರಿಕೆ ಇತ್ತು, ಅದಕ್ಕೇ ಮೊದಲು ಪರಿಸ್ಥಿತಿ ತಿಳಿದುಕೊಳ್ಳೋಣ ಅಂತ ಕೇಳಿದೆ, ಹಾಗೆ ಮಾಡಬಾರದಿತ್ತು ಅಂದೆ. ಅವರು ‘ಸರಿ’ ಅಂದರು.

ಎರಡನೆಯದು ಬಂದೇ ಬರುತ್ತದೆ ಅಂತ ಗೊತ್ತಿದ್ದ ಪ್ರಶ್ನೆ. ‘ಇನ್ನು ಎರಡು ವರ್ಷಕ್ಕೆ ಮತ್ತೆ ಹೋಗಲ್ಲ ಅಂತ ಹೇಗೆ ಹೇಳಲಿ ಅವರಿಗೆ?’ ಇದಕ್ಕೆ ನಾನು ಆಣೆ ಪ್ರಮಾಣ ಮಾಡಲಿಲ್ಲ. ಹಿಂದೆ ಯಾವ ಕಾರಣಕ್ಕೆ ಹೋದೆನೋ ಆ ಕಾರಣ ಈಗ ಅಲ್ಲಿ ಇದೆಯಾ ಇಲ್ಲವಾ ಅನ್ನೋದನ್ನೇ ಮಾತಾಡಿದೆ. ‘ಆಗ ದೊಡ್ಡ ಕೆಲಸ ನಮ್ಮಲ್ಲಿ ವರ್ಷಕ್ಕೆ ಒಂದೋ ಎರಡೋ ಬರುತ್ತಿತ್ತು, ಅದು ಹಿರಿಯರಿಗೆ ಹೋಗುತ್ತಿತ್ತು. ಈಗ ಎಷ್ಟು ಬರುತ್ತಿದೆ, ಯಾರು ನಡೆಸುತ್ತಾರೆ ಅಂತ ಹೊಸ ಮ್ಯಾನೇಜರ್ ಹತ್ತಿರ ಕೇಳಬೇಕು ಮೇಡಂ. ಈಗಲೂ ಹಾಗೇ ಇದ್ದರೆ ನಾನು ಬರುವುದು ಸರಿಯಲ್ಲ, ನಾನೇ ಬೇಡ ಅನ್ನುತ್ತೇನೆ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನೇ ಅವರಿಗೆ ಹೇಳುತ್ತೇನೆ’ ಅಂದರು. ನನ್ನ ಪ್ರಕಾರ ನನ್ನ ಕೆಲಸ ಆಗಿದ್ದು ಆ ಕ್ಷಣದಲ್ಲಿ. ಅವರ ಕೈಗೆ ಹೇಳಲು ಒಂದು ಮಾತು ಸಿಕ್ಕಿತು.

ಮೂರನೆಯದು, ‘ಎರಡು ವರ್ಷದಲ್ಲಿ ಒಂದು ಕೆಲಸವಾದರೂ ಕೆಟ್ಟಿದೆಯಾ?’ ಕೆಟ್ಟಿತ್ತು. ಒಂದು ಮೈಗ್ರೇಶನ್‌ನಲ್ಲಿ ದಿನಾಂಕದ ನಮೂನೆ ಎರಡು ಕಡೆ ಬೇರೆ ಬೇರೆ ಇತ್ತು. ಒಂದು ಕಡೆ ದಿನ ಮೊದಲು, ಇನ್ನೊಂದು ಕಡೆ ತಿಂಗಳು ಮೊದಲು. 3ನೇ ತಾರೀಕು 7ನೇ ತಿಂಗಳು ಅನ್ನೋದು 7ನೇ ತಾರೀಕು 3ನೇ ತಿಂಗಳಾಗಿ ಸೇರಿತು. ತಾರೀಕು 12 ದಾಟಿದ ದಾಖಲೆಗಳನ್ನು ಸಿಸ್ಟಮ್ ತಿರಸ್ಕರಿಸಿತು, ಅದರಿಂದ ತಪ್ಪು ಗೊತ್ತಾಯಿತು. 12ರ ಒಳಗಿನವು ತಪ್ಪಾಗಿಯೇ ಒಳಗೆ ಹೋಗಿದ್ದವು. ಎಲ್ಲವನ್ನೂ ವಾಪಸ್ ತೆಗೆದು ಮತ್ತೆ ಹಾಕಬೇಕಾಯಿತು. ಅಂದಿನಿಂದ ಪ್ರತಿ ಸಲ ಮೊದಲು ಒಂದು ಚಿಕ್ಕ ತುಣುಕನ್ನು ಹಾಕಿ, ಗ್ರಾಹಕರ ಎದುರು ಕೂತು ಅವರದೇ ಹಳೆಯ ಪರದೆಯ ಪಕ್ಕ ಇಟ್ಟು ಹೋಲಿಸುತ್ತೇನೆ. ಇದನ್ನು ಹೇಳಿದಾಗ ಮೇಡಂ ಮೊದಲ ಸಲ ಹಳೆಯ ಧಾಟಿಯಲ್ಲಿ ಮಾತಾಡಿದರು, ಇಂಥದ್ದನ್ನು ಹಿಡಿಯಲು ಬೇರೇನು ಮಾಡುತ್ತೀರಿ ಅಂತ ಕೇಳುತ್ತಾ ಹೋದರು. 15 ನಿಮಿಷ ಅಂದಿದ್ದು 40 ನಿಮಿಷ ಆಯಿತು.

ಅಲ್ಲಿಂದ ಮುಂದೆ ಎಲ್ಲರಿಗೂ ಇರುವ ದಾರಿಯೇ. ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದೆ, ಹೊಸ ಮ್ಯಾನೇಜರ್ ಜೊತೆ ಎರಡು ಸುತ್ತು ಇಂಟರ್‌ವ್ಯೂ ಆಯಿತು. ಗೊತ್ತಿರುವ ಕಂಪನಿ ಅಂತ ಯಾವ ಸುತ್ತೂ ತಪ್ಪಲಿಲ್ಲ, ತಪ್ಪಬೇಕು ಅಂತ ನಾನು ಕೇಳಲೂ ಇಲ್ಲ.

ಎಚ್‌ಆರ್ ಜೊತೆ ಮಾತಾಡುವಾಗ ಮಾತ್ರ ಹಳಬರಿಗೆ ಬೇರೆ ಥರದ ವಿಷಯಗಳು ಬರುತ್ತವೆ. ಬಿಟ್ಟು ಹೋಗುವ ಹೊತ್ತಿನಲ್ಲಿ ಎಷ್ಟೋ ಕಂಪನಿಗಳು ನಮ್ಮ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಂಡಿರುತ್ತವೆ, ಇವರನ್ನು ಮತ್ತೆ ತೆಗೆದುಕೊಳ್ಳಬಹುದು ಅಥವಾ ಬೇಡ ಅಂತ. ಅದನ್ನು ನಮಗೆ ಹೇಳಿರುವುದಿಲ್ಲ. ಬೇಡ ಅಂತ ಇದ್ದರೆ ಮ್ಯಾನೇಜರ್ ಎಷ್ಟೇ ಹೇಳಿದರೂ ಕಷ್ಟ. ನನ್ನದು ಏನಿದೆ ಅಂತ ಫೋನಿನಲ್ಲೇ ಮೇಡಂ ಹತ್ತಿರ ಕೇಳಿದ್ದೆ. ವಿಚಾರಿಸಿ, ತೆಗೆದುಕೊಳ್ಳಬಹುದು ಅಂತ ಇದೆ ಅಂದರು. ಆ ಗುರುತು ಹಾಕುವಾಗ ಅವರನ್ನೂ ಕೇಳಿದ್ದರಂತೆ. ಎರಡು ವಾರದ ಬೇಸರವನ್ನು ಅವರು ಅದರಲ್ಲಿ ತೋರಿಸಿರಲಿಲ್ಲ. ಅದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ.

ಸಂಬಳದ ಮಾತು ಬಂದಾಗ ಎಚ್‌ಆರ್ ನನ್ನ ಹಳೆಯ ಸಂಬಳದಿಂದ ಲೆಕ್ಕ ಶುರು ಮಾಡಿದರು. ಅದು ಅವರ ದಾಖಲೆಯಲ್ಲೇ ಇತ್ತು. ನಾನು ಅದರ ಬಗ್ಗೆ ವಾದ ಮಾಡದೆ, ಈಗ ಬರುತ್ತಿರುವ ಕೆಲಸ ಹಳೆಯ ಕೆಲಸ ಅಲ್ಲ, ಈ ಹುದ್ದೆಗೆ ಹೊರಗಿನಿಂದ ಬರುವವರಿಗೆ ಎಷ್ಟು ಇಟ್ಟಿದ್ದೀರೋ ಅಲ್ಲಿಂದ ಮಾತಾಡೋಣ ಅಂದೆ. ಒಪ್ಪಿದರು. ಇನ್ನೊಂದು ವಿಷಯ, ಹಿಂದಿನ 4 ವರ್ಷದ ಸೇವೆ ಲೆಕ್ಕಕ್ಕೆ ಬರುತ್ತದಾ ಅಥವಾ ಸೊನ್ನೆಯಿಂದ ಶುರುವಾ ಅನ್ನೋದು. ರಜೆಯ ಲೆಕ್ಕ, ಬಡ್ತಿಗೆ ಬೇಕಾದ ವರ್ಷ ಎಲ್ಲ ಇದರ ಮೇಲೆ ನಿಂತಿರುತ್ತದೆ. ಫೋನಿನಲ್ಲಿ ‘ಬರುತ್ತೆ ಅನ್ಸುತ್ತೆ’ ಅಂದರು. ಮೇಲ್‌ನಲ್ಲಿ ಬರೆದು ಕೊಡಿ ಅಂತ ಕೇಳಿದಾಗ ಬಂದ ಉತ್ತರ ಬೇರೆ. ರಜೆಯ ಲೆಕ್ಕಕ್ಕೆ ಮಾತ್ರ ಬರುತ್ತದೆ, ಉಳಿದಿದ್ದಕ್ಕೆ ಇಲ್ಲ. ಬರೆಸಿಕೊಂಡಿದ್ದು ಒಳ್ಳೇದಾಯಿತು, ಸೇರಿದ ಮೇಲೆ ತಿಳಿದಿದ್ದರೆ ಮನಸ್ಸಿಗೆ ಜಾಸ್ತಿ ನೋವಾಗುತ್ತಿತ್ತು. ಈಗಿನ ಕಂಪನಿಯ ಒಪ್ಪಂದವನ್ನೂ ಒಂದು ಸಲ ಪೂರ್ತಿ ಓದಿದೆ. ಅದೇ ಥರದ ಕೆಲಸ ಮಾಡುವ ಕಂಪನಿಗೆ ಇಂತಿಷ್ಟು ತಿಂಗಳು ಹೋಗಬಾರದು ಅನ್ನೋ ಷರತ್ತು ಕೆಲವು ಕಡೆ ಇರುತ್ತದೆ. ನನ್ನದರಲ್ಲಿ ಇರಲಿಲ್ಲ. ಟೀಮ್‌ನವರನ್ನು ಜೊತೆಗೆ ಕರೆದುಕೊಂಡು ಹೋಗಬಾರದು ಅಂತ ಇತ್ತು. ಆ ಯೋಚನೆ ನನಗೂ ಇರಲಿಲ್ಲ.

ಈ ಸಲ ನೋಟಿಸ್‌ನ ಪ್ರತಿ ದಿನವೂ ಕೆಲಸ ಮಾಡಿಯೇ ಹೊರಟೆ. ಹಳೆಯ ಕಂಪನಿಯವರೂ ಬೇಗ ಬರುತ್ತೀರಾ ಅಂತ ಕೇಳಿದರು. ಆಗಲ್ಲ ಅಂದೆ.

ಸೇರುವ ದಿನ ಗೊತ್ತಾದ ಮೇಲೆ, ನನ್ನ ಅರ್ಧಕ್ಕೆ ಬಿಟ್ಟ ಕೆಲಸ ಹೊತ್ತುಕೊಂಡಿದ್ದ ಸಹೋದ್ಯೋಗಿಗೂ ಒಂದು ಮೆಸೇಜ್ ಬರೆದೆ. ಅವರು ಇನ್ನೂ ಅದೇ ಟೀಮ್‌ನಲ್ಲಿದ್ದರು. ನಾನು ವಾಪಸ್ ಬರುತ್ತಿರುವುದು ಬೇರೆಯವರಿಂದ ತಿಳಿಯುವುದು ಬೇಡ ಅನ್ನಿಸಿತು. ನಾಲ್ಕೇ ಸಾಲು, ಅದೇ ರೀತಿ: ಏನು ಮಾಡಿದೆ, ನಿಮಗೆ ಏನಾಯಿತು, ತಪ್ಪು ನನ್ನದು. ಅವರು ‘ಬನ್ನಿ, ಮಾತಾಡೋಣ’ ಅಂತ ಬರೆದರು.

ಮೊದಲ ವಾರ ಅವರೇ ನನ್ನ ಪಕ್ಕ ಕೂತು, ನಾನು ಬರೆದಿಟ್ಟು ಹೋಗಿದ್ದ ಡಾಕ್ಯುಮೆಂಟ್ ತೆರೆದು ತೋರಿಸಿದರು. 14 ಪುಟ ಬರೆದಿದ್ದೆ, ಈಗ 31 ಪುಟ ಇತ್ತು. ನಾನು ಬರೆಯದೆ ಬಿಟ್ಟಿದ್ದನ್ನೆಲ್ಲ ಅವರು ಒಂದೊಂದಾಗಿ ಸೇರಿಸಿದ್ದರು, ಪ್ರತಿ ಸಾಲಿನ ಪಕ್ಕ ಅದು ಗೊತ್ತಾದ ತಾರೀಕು ಹಾಕಿ. ಮೊದಲ ಹದಿನೈದು ತಾರೀಕುಗಳು ನಾನು ಹೊರಟ ಮಾರನೇ ದಿನದಿಂದ ಶುರುವಾಗಿ, ನಾನು ಇರಬೇಕಿದ್ದ ಆ ಎರಡು ವಾರದ ಒಳಗೇ ಇದ್ದವು. ಅವನ್ನು ಒಂದೊಂದಾಗಿ ಓದುತ್ತಾ ಕೂತೆ. ಅವರು ಏನೂ ಅನ್ನಲಿಲ್ಲ. ‘ಮುಂದಿನ ಗ್ರಾಹಕರದ್ದು ಇಬ್ಬರೂ ಸೇರಿ ಮಾಡೋಣ, ಇದೇ ಡಾಕ್ಯುಮೆಂಟ್‌ನಿಂದ ಶುರು ಮಾಡೋಣ’ ಅಂದರು.